ಚೈನ್‌ನಲ್ಲಿ ಬಂದಿದೆ, ಖಾತೆಯಲ್ಲಿ ಕಾಣ್ತಿಲ್ಲ: ಜಮಾ ಆಗದ ಕ್ರಿಪ್ಟೋ ಡೆಪಾಸಿಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾಲೆಟ್‌ನಿಂದ ಕಾಯಿನ್ ಹೋಗಿದೆ. ಚೈನ್‌ನ ಲೆಕ್ಕ ತೋರಿಸುವ ವೆಬ್‌ಸೈಟ್, ಅಂದರೆ ಎಕ್ಸ್‌ಪ್ಲೋರರ್, ಹಸಿರು ಬಣ್ಣದಲ್ಲಿ `Success` ಅಂತ ತೋರಿಸುತ್ತಿದೆ. ಎಕ್ಸ್‌ಚೇಂಜ್ ಆ್ಯಪ್ ತೆರೆದರೆ ಮಾತ್ರ ಬ್ಯಾಲೆನ್ಸ್ ಸೊನ್ನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗಾಗಿರುತ್ತದೆ. ಇದಕ್ಕೆ ತುಂಬಾ ಸಲ ಕಾರಣ ಎರಡರಲ್ಲಿ ಒಂದು. ಬೇಕಾದಷ್ಟು ಕನ್ಫರ್ಮೇಶನ್ ಇನ್ನೂ ಆಗಿಲ್ಲ, ಅಂದರೆ ಚೈನ್‌ನಲ್ಲಿ ಸಾಕಷ್ಟು ಬ್ಲಾಕ್ ಇನ್ನೂ ಬಂದಿಲ್ಲ, ಇಲ್ಲವೇ ತಲುಪಿದ ಮೊತ್ತ ಎಕ್ಸ್‌ಚೇಂಜ್‌ನ ಮಿನಿಮಮ್‌ಗಿಂತ ಕಡಿಮೆ ಇದೆ. ಮೊದಲನೆಯದು ಕಾದರೆ ತಾನೇ ಸರಿಹೋಗುತ್ತದೆ. ಎರಡನೆಯದು ವರ್ಷ ಕಾದರೂ ಸರಿಹೋಗುವುದಿಲ್ಲ. ಹಾಗಾಗಿ ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಬೇಕು.

ಎಕ್ಸ್‌ಪ್ಲೋರರ್‌ನಲ್ಲಿ ಕನ್ಫರ್ಮ್ ಆಗಿದೆ. ಮತ್ತೆ ಎಕ್ಸ್‌ಚೇಂಜ್ ಯಾಕೆ ಜಮಾ ಮಾಡಿಲ್ಲ?

ಇಲ್ಲಿ ಎರಡು ಬೇರೆ ಬೇರೆ ಲೆಕ್ಕದ ಪುಸ್ತಕಗಳಿವೆ. ಒಂದು ಬ್ಲಾಕ್‌ಚೈನ್. ಅದನ್ನು ಯಾರು ಬೇಕಾದರೂ ನೋಡಬಹುದು. ಇನ್ನೊಂದು ಎಕ್ಸ್‌ಚೇಂಜ್ ತನ್ನ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡಿರುವ ಖಾತೆ ಪುಸ್ತಕ. ನಿಮ್ಮ ಆ್ಯಪ್‌ನಲ್ಲಿ ಕಾಣುವ ಬ್ಯಾಲೆನ್ಸ್ ಈ ಎರಡನೇ ಪುಸ್ತಕದ್ದು.

ಎಕ್ಸ್‌ಪ್ಲೋರರ್ ಹೇಳುವುದು ಇಷ್ಟೇ: ಈ ಟ್ರಾನ್ಸಾಕ್ಷನ್ ಒಂದು ಬ್ಲಾಕ್‌ಗೆ ಸೇರಿದೆ, ಕಾಯಿನ್ ಈ ಅಡ್ರೆಸ್‌ಗೆ ತಲುಪಿದೆ. ಆ ಅಡ್ರೆಸ್ ನಿಮ್ಮ ಹೆಸರಿಗೆ ಕೊಟ್ಟಿದ್ದು ಅನ್ನುವುದು ಚೈನ್‌ಗೆ ಗೊತ್ತೇ ಇಲ್ಲ. ಅದು ಗೊತ್ತಿರುವುದು ಎಕ್ಸ್‌ಚೇಂಜ್‌ಗೆ ಮಾತ್ರ. ಅದು ತನ್ನ ನಿಯಮಗಳನ್ನು ಒಂದು ಸಲ ನೋಡಿ, ಎಲ್ಲ ಸರಿ ಇದ್ದರೆ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಬ್ಯಾಂಕಿಗೆ ಚೆಕ್ ಹಾಕಿದ ರಸೀದಿ ಕೈಯಲ್ಲಿದ್ದರೂ ಕ್ಲಿಯರ್ ಆಗುವವರೆಗೆ ಹಣ ತೆಗೆಯಲು ಆಗುವುದಿಲ್ಲ, ಅಲ್ವಾ? ಹೆಚ್ಚು ಕಡಿಮೆ ಹಾಗೆಯೇ.

ನನ್ನದು ಯಾವ ಕಾರಣ ಅಂತ ಹೇಗೆ ಗೊತ್ತಾಗುತ್ತೆ?

ಐದು ನಿಮಿಷದ ಕೆಲಸ. ಎಕ್ಸ್‌ಚೇಂಜ್‌ನಲ್ಲಿ ನೀವು ಅಡ್ರೆಸ್ ಕಾಪಿ ಮಾಡಿದ ಪುಟವನ್ನೇ ಮತ್ತೆ ತೆರೆಯಿರಿ. ಕಾಯಿನ್ ಮತ್ತು ನೆಟ್‌ವರ್ಕ್ ಆರಿಸಿದ ಮೇಲೆ ಕ್ಯೂಆರ್ ಕೋಡ್ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಂಖ್ಯೆ ಇರುತ್ತವೆ. ಒಂದರ ಮುಂದೆ `Minimum deposit` ಅಂತಲೂ ಇನ್ನೊಂದರ ಮುಂದೆ `Confirmations` ಅಂತಲೂ ಸಾಮಾನ್ಯವಾಗಿ ಬರೆದಿರುತ್ತದೆ. ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಆಮೇಲೆ ಕಳಿಸಿದ ಕಡೆಯಿಂದ ಟ್ರಾನ್ಸಾಕ್ಷನ್ ಐಡಿ ತೆಗೆದುಕೊಂಡು ಎಕ್ಸ್‌ಪ್ಲೋರರ್‌ನಲ್ಲಿ ಹಾಕಿ. ಬಿಟ್‌ಕಾಯಿನ್ ಆದರೆ mempool.space, ಇಥೀರಿಯಂ ಆದರೆ etherscan.io, ಟ್ರಾನ್ ಆದರೆ tronscan.org. ಅಲ್ಲಿಯೂ ಎರಡೇ ಸಂಖ್ಯೆ ನೋಡಿ: ಇಲ್ಲಿಯವರೆಗೆ ಎಷ್ಟು ಕನ್ಫರ್ಮೇಶನ್ ಆಗಿದೆ, ಮತ್ತು ನಿಮ್ಮ ಡೆಪಾಸಿಟ್ ಅಡ್ರೆಸ್‌ಗೆ ನಿಜವಾಗಿ ತಲುಪಿದ್ದು ಎಷ್ಟು. ನೀವು ಕಳಿಸಿದ್ದು ಎಷ್ಟು ಅಂತ ಅಲ್ಲ, *ತಲುಪಿದ್ದು* ಎಷ್ಟು ಅಂತ.

ಈಗ ಹೋಲಿಸಿ. ಕನ್ಫರ್ಮೇಶನ್ ಕಡಿಮೆ ಇದ್ದರೆ ಫೋನ್ ಬದಿಗಿಟ್ಟು ಕಾಫಿ ಕುಡಿಯಿರಿ. ಮೊತ್ತ ಕಡಿಮೆ ಇದ್ದರೆ ಈ ಪುಟದ ಎರಡನೇ ಅರ್ಧ ನಿಮಗಾಗಿ.

ಇನ್ನೊಂದು ಸುಳಿವೂ ಇದೆ. ಕನ್ಫರ್ಮೇಶನ್‌ಗಾಗಿ ಕಾಯುತ್ತಿರುವ ಡೆಪಾಸಿಟ್ ಎಷ್ಟೋ ಆ್ಯಪ್‌ಗಳ ಹಿಸ್ಟರಿಯಲ್ಲಿ `1/3` ಅಂತ ಅರ್ಧಂಬರ್ಧವಾಗಿಯಾದರೂ ಕಾಣುತ್ತದೆ. ಮಿನಿಮಮ್ ಮುಟ್ಟದ ಡೆಪಾಸಿಟ್ ಎಷ್ಟೋ ಕಡೆ ಹಿಸ್ಟರಿಯಲ್ಲಿ ಕಾಣುವುದೇ ಇಲ್ಲ. ಬೇಕಾದಷ್ಟು ಹೊತ್ತು ಕಳೆದರೂ ಒಂದು ಸಾಲೂ ಮೂಡದಿದ್ದರೆ ಮೊದಲು ಮೊತ್ತದ ಮೇಲೆ ಅನುಮಾನ ಪಡಿ.

ಕನ್ಫರ್ಮೇಶನ್ ಎಣಿಸೋದು ಹೇಗೆ?

ನಿಮ್ಮ ಟ್ರಾನ್ಸಾಕ್ಷನ್ ಸೇರಿದ ಬ್ಲಾಕ್ ಒಂದನೇ ಕನ್ಫರ್ಮೇಶನ್. ಅದರ ಮೇಲೆ ಇನ್ನೊಂದು ಬ್ಲಾಕ್ ಬಂದರೆ ಎರಡು. ಲೆಕ್ಕ ಇಷ್ಟೇ:

```
confirmations = tip_height - tx_block_height + 1
```

ಉದಾಹರಣೆಗೆ ನಿಮ್ಮದು 880120ನೇ ಬ್ಲಾಕ್‌ನಲ್ಲಿದೆ, ಚೈನ್‌ನ ಈಗಿನ ತುದಿ 880121 ಅಂದುಕೊಳ್ಳಿ. ಆಗಿರುವುದು ಎರಡು. ಎಕ್ಸ್‌ಚೇಂಜ್ ಮೂರು ಕೇಳಿದ್ದರೆ 880122 ಬರಬೇಕು. ತುಂಬಾ ಜನ ಆ ಕೊನೆಯ "+1" ಮರೆತು ಒಂದು ಬ್ಲಾಕ್ ತಪ್ಪಾಗಿ ಎಣಿಸುತ್ತಾರೆ. ಬಿಟ್‌ಕಾಯಿನ್‌ಗೆ ಈ ಎರಡೂ ಸಂಖ್ಯೆಯನ್ನು ಬ್ರೌಸರ್‌ನಲ್ಲೇ ನೇರವಾಗಿ ನೋಡಬಹುದು. `TXID` ಇರುವ ಕಡೆ ನಿಮ್ಮ ಐಡಿ ಹಾಕಿ:

```
https://mempool.space/api/tx/TXID/status
https://mempool.space/api/blocks/tip/height
```

ಹತ್ತು ನಿಮಿಷಕ್ಕೆ ಒಂದು ಬ್ಲಾಕ್ ಅಂತಾರೆ. ಮೂರಕ್ಕೆ ಅರ್ಧ ಗಂಟೆ ಸಾಕಲ್ವಾ? ನನಗೆ ಒಂದು ಗಂಟೆ ಮೇಲಾಯ್ತು.

ಹತ್ತು ನಿಮಿಷ ಅನ್ನುವುದು ಸರಾಸರಿ. ಬಸ್ ಟೈಮ್‌ಟೇಬಲ್ ಥರ ಅಲ್ಲ. ಬ್ಲಾಕ್ ಸಿಗುವುದು ಲಾಟರಿ ಹೊಡೆದ ಹಾಗೆ. ಕೆಲವೊಮ್ಮೆ ಒಂದೇ ನಿಮಿಷದಲ್ಲಿ ಎರಡು ಬರುತ್ತವೆ, ಕೆಲವೊಮ್ಮೆ ನಲವತ್ತು ನಿಮಿಷವಾದರೂ ಒಂದೂ ಇರುವುದಿಲ್ಲ.

ಲೆಕ್ಕ ಹಾಕಿದರೆ, ಮೂರು ಬ್ಲಾಕ್ ಬರಲು ಒಂದು ಗಂಟೆಗಿಂತ ಜಾಸ್ತಿ ಹಿಡಿಯುವ ಸಾಧ್ಯತೆ ಸುಮಾರು ಹದಿನಾರರಲ್ಲಿ ಒಂದು. ಆರು ಬ್ಲಾಕ್‌ಗೆ ಒಂದೂವರೆ ಗಂಟೆ ಮೀರುವುದು ಸುಮಾರು ಒಂಬತ್ತರಲ್ಲಿ ಒಂದು. ಅಂದರೆ ಇದು ಅಪರೂಪವೇನಲ್ಲ, ವಾರಕ್ಕೊಮ್ಮೆ ಡೆಪಾಸಿಟ್ ಮಾಡುವವರಿಗೆ ವರ್ಷದಲ್ಲಿ ಕೆಲವು ಸಲ ಆಗಿಯೇ ಆಗುತ್ತದೆ. ಇಂಥ ಹೊತ್ತಲ್ಲಿ mempool.space ಮುಖಪುಟ ತೆರೆದು ಕೊನೆಯ ಬ್ಲಾಕ್ ಎಷ್ಟು ಹೊತ್ತಿನ ಹಿಂದೆ ಬಂತು ಅಂತ ನೋಡಿ. ಇಡೀ ಚೈನ್ ನಿಧಾನ ಇದ್ದರೆ ಎಕ್ಸ್‌ಚೇಂಜ್ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ.

ಒಂದು ಸಲ ಬ್ಲಾಕ್‌ಗೆ ಸೇರಿದ ಮೇಲೆ ಅಳಿಸೋಕೆ ಆಗಲ್ಲ ಅಂತಾರಲ್ಲ. ಮತ್ತೆ ಯಾಕೆ ಕಾಯಬೇಕು?

ಅಳಿಸಲು ಆಗುವುದಿಲ್ಲ ಅನ್ನುವುದು ಹಳೆಯ ಬ್ಲಾಕ್‌ಗಳಿಗೆ ಸರಿ. ತುದಿಯಲ್ಲಿರುವ ಬ್ಲಾಕ್ ಇನ್ನೂ ಹಸಿ ಸಿಮೆಂಟ್. ಒಂದೇ ಹೊತ್ತಿಗೆ ಎರಡು ಕವಲು ಹುಟ್ಟಿದರೆ ಜಾಸ್ತಿ ಕೆಲಸ ಸೇರಿದ ಕವಲು ಉಳಿಯುತ್ತದೆ, ಇನ್ನೊಂದು ಬಿದ್ದುಹೋಗುತ್ತದೆ. ಬಿದ್ದ ಕವಲಲ್ಲಿದ್ದ ಟ್ರಾನ್ಸಾಕ್ಷನ್ ಮತ್ತೆ ಕಾಯುವ ಸಾಲಿಗೆ ಬರಬಹುದು. ಕಳಿಸಿದವನು ಅದೇ ಕಾಯಿನ್ನನ್ನು ಬೇರೆ ಕಡೆ ಕಳಿಸಿಬಿಟ್ಟಿದ್ದರೆ ಮಾಯವೂ ಆಗಬಹುದು. ಅಷ್ಟರಲ್ಲಿ ಎಕ್ಸ್‌ಚೇಂಜ್ ಜಮಾ ಮಾಡಿ, ಅವನು ಅದನ್ನು ಮಾರಿ ಹಣ ತೆಗೆದುಕೊಂಡು ಹೋಗಿದ್ದರೆ ನಷ್ಟ ಎಕ್ಸ್‌ಚೇಂಜ್‌ಗೆ.

ಇದು ಬರೀ ಪುಸ್ತಕದ ಭಯ ಅಲ್ಲ. 2013ರ ಮಾರ್ಚ್‌ನಲ್ಲಿ ಬಿಟ್‌ಕಾಯಿನ್ ಸಾಫ್ಟ್‌ವೇರ್‌ನ ಹೊಸ ಮತ್ತು ಹಳೆಯ ಆವೃತ್ತಿಗಳು 225430ನೇ ಬ್ಲಾಕ್ ಬಗ್ಗೆ ಒಪ್ಪದೆ ಚೈನ್ ಎರಡಾಯಿತು. ಹಳೆಯ ಆವೃತ್ತಿಯ ಕವಲು ಮತ್ತೆ ಮುಂದೆ ಬಂದಿದ್ದು ಸುಮಾರು 24 ಬ್ಲಾಕ್ ಆದ ಮೇಲೆ. ಆ ಗೊಂದಲದಲ್ಲಿ ಒಂದೇ ಕಾಯಿನ್ ಎರಡು ಸಲ ಖರ್ಚಾದ ದೊಡ್ಡ ಘಟನೆಯೂ ಒಂದು ನಡೆಯಿತು. ಇಥೀರಿಯಂ ಕ್ಲಾಸಿಕ್ ಕಥೆ ಇನ್ನೂ ಕೆಟ್ಟದ್ದು. 2019ರ ಜನವರಿಯಲ್ಲಿ, ಮತ್ತೆ 2020ರ ಆಗಸ್ಟ್‌ನಲ್ಲಿ ಬೇಕೆಂದೇ ದಾಳಿ ಮಾಡಿ ಚೈನ್ ತಿದ್ದಿದರು. 2020ರ ಮೊದಲ ದಾಳಿಯಲ್ಲೇ 3,000ಕ್ಕೂ ಹೆಚ್ಚು ಬ್ಲಾಕ್ ಬದಲಾದವು. ಅದಾದ ಮೇಲೆ ಎಕ್ಸ್‌ಚೇಂಜ್‌ಗಳು ಆ ಕಾಯಿನ್‌ಗೆ ಕೇಳುವ ಕನ್ಫರ್ಮೇಶನ್ ವಿಪರೀತ ಏರಿಸಿದವು.

ಬಿಟ್‌ಕಾಯಿನ್‌ಗೆ ಆರು ಅನ್ನುವ ಹಳೆಯ ರೂಢಿಗೂ ಒಂದು ಲೆಕ್ಕ ಇದೆ. ಮೈನಿಂಗ್, ಅಂದರೆ ಬ್ಲಾಕ್ ಹುಟ್ಟಿಸುವ ಒಟ್ಟು ಕಂಪ್ಯೂಟರ್ ಶಕ್ತಿಯ 10% ಇರುವ ದಾಳಿಕೋರ, ಆರು ಕನ್ಫರ್ಮೇಶನ್ ಆದ ಮೇಲೂ ತನ್ನ ಗುಟ್ಟಿನ ಕವಲಿನಿಂದ ಚೈನ್ ತಿದ್ದುವ ಸಾಧ್ಯತೆ ಸುಮಾರು 0.024%. ಈಗ ಬಿಟ್‌ಕಾಯಿನ್ ಮೈನಿಂಗ್ ತುಂಬಾ ದೊಡ್ಡದಾಗಿರುವುದರಿಂದ ಎಷ್ಟೋ ಎಕ್ಸ್‌ಚೇಂಜ್‌ಗಳು ಎರಡು ಅಥವಾ ಮೂರಕ್ಕೇ ಒಪ್ಪುತ್ತವೆ. ಇದು ಚೈನ್‌ನ ನಿಯಮ ಅಲ್ಲ, ಆಯಾ ಎಕ್ಸ್‌ಚೇಂಜ್‌ನ ಧೈರ್ಯದ ಅಳತೆ. ಗೆಳೆಯನ ಎಕ್ಸ್‌ಚೇಂಜ್‌ನಲ್ಲಿ ಬೇಗ ಆಯ್ತು, ನನ್ನದರಲ್ಲಿ ಆಗಿಲ್ಲ ಅನ್ನುವುದಕ್ಕೆ ಕಾರಣ ಇದೇ.

ಇಥೀರಿಯಂ ಮತ್ತು ಟ್ರಾನ್‌ನಲ್ಲಿ ಎಷ್ಟು ಹೊತ್ತು?

2022ರ ಸೆಪ್ಟೆಂಬರ್ 15ರಿಂದ ಇಥೀರಿಯಂನಲ್ಲಿ ಮೈನಿಂಗ್ ಇಲ್ಲ. 12 ಸೆಕೆಂಡಿಗೆ ಒಂದು ಬ್ಲಾಕ್‌ಗೆ ಜಾಗ ಇರುತ್ತದೆ, 32 ಜಾಗ ಸೇರಿದರೆ ಒಂದು ಈಪಾಕ್. ಎರಡು ಈಪಾಕ್ ಕಳೆದರೆ, ಅಂದರೆ ಸುಮಾರು 13 ನಿಮಿಷಕ್ಕೆ, ಬ್ಲಾಕ್ ಫೈನಲ್ ಆಗುತ್ತದೆ. ಅದಾದ ಮೇಲೆ ತಿದ್ದುವುದು ಸುಲಭದ ಮಾತಲ್ಲ. 64 ಕನ್ಫರ್ಮೇಶನ್ ಕೇಳುವ ಎಕ್ಸ್‌ಚೇಂಜ್ ನೋಡಿದರೆ ಗಾಬರಿ ಬೀಳಬೇಡಿ, 64 ಅಂದರೂ ಇದೇ ಹದಿಮೂರು ನಿಮಿಷವೇ. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಕಾಯುವುದು ಜಾಸ್ತಿ ಅಂತ ಅಲ್ಲ.

2023ರ ಮೇ 11 ಮತ್ತು 12ರಂದು ಇಥೀರಿಯಂನಲ್ಲಿ ಸ್ವಲ್ಪ ಹೊತ್ತು ಫೈನಲ್ ಆಗುವುದೇ ನಿಂತಿತ್ತು. ಬ್ಲಾಕ್‌ಗಳು ಬರುತ್ತಿದ್ದವು, ಟ್ರಾನ್ಸಾಕ್ಷನ್ ಸೇರುತ್ತಿದ್ದವು, ಮುದ್ರೆ ಮಾತ್ರ ಬೀಳುತ್ತಿರಲಿಲ್ಲ. ಬ್ಲಾಕ್ ಎಣಿಸದೆ ಫೈನಲ್ ಆಗುವುದನ್ನೇ ಕಾಯುವ ಎಕ್ಸ್‌ಚೇಂಜ್ ಆದರೆ ಅಂಥ ಹೊತ್ತಲ್ಲಿ ಕನ್ಫರ್ಮೇಶನ್ ಸಂಖ್ಯೆ ಏರುತ್ತಲೇ ಇದ್ದರೂ ಜಮಾ ಆಗುವುದಿಲ್ಲ.

ಟ್ರಾನ್‌ನಲ್ಲಿ 3 ಸೆಕೆಂಡಿಗೆ ಒಂದು ಬ್ಲಾಕ್. ಬ್ಲಾಕ್ ಮಾಡುವ 27 ಪ್ರತಿನಿಧಿಗಳಲ್ಲಿ 19 ಜನ ಅದರ ಮೇಲೆ ಕಟ್ಟಿದರೆ ಗಟ್ಟಿ ಅಂತ ಲೆಕ್ಕ. ಸುಮಾರು ಒಂದು ನಿಮಿಷ. ಹಾಗಾಗಿ ಟ್ರಾನ್‌ನಲ್ಲಿ ಅರ್ಧ ಗಂಟೆ ಆದರೂ ಬರದಿದ್ದರೆ ಕನ್ಫರ್ಮೇಶನ್ ಕಾರಣ ಅಲ್ಲ ಅಂತಲೇ ಇಟ್ಟುಕೊಳ್ಳಿ.

ಈಗ ಫೀ ಜಾಸ್ತಿ ಕೊಟ್ಟರೆ ಬೇಗ ಆಗುತ್ತಾ?

ಇಲ್ಲ. ಫೀ ಕೆಲಸ ಮಾಡುವುದು ಮೊದಲ ಬ್ಲಾಕ್‌ಗೆ ಸೇರುವವರೆಗೆ ಮಾತ್ರ. ಒಳಗೆ ಸೇರಿದ ಮೇಲೆ ಉಳಿದ ಕನ್ಫರ್ಮೇಶನ್‌ಗಳು ಎಲ್ಲರಿಗೂ ಒಂದೇ ವೇಗದಲ್ಲಿ ಬರುತ್ತವೆ. ದುಡ್ಡು ಜಾಸ್ತಿ ಕೊಟ್ಟವರಿಗೂ ಅಷ್ಟೇ, ಕಡಿಮೆ ಕೊಟ್ಟವರಿಗೂ ಅಷ್ಟೇ. ವಾಲೆಟ್‌ನಲ್ಲಿ ಫೀ ಏರಿಸುವ ಬಟನ್ ಇರುವುದು ಇನ್ನೂ ಬ್ಲಾಕ್‌ಗೆ ಸೇರದ ಟ್ರಾನ್ಸಾಕ್ಷನ್‌ಗೆ.

ಬ್ಯಾಲೆನ್ಸ್‌ನಲ್ಲಿ ಕಾಣ್ತಿದೆ, ಆದರೆ ವಿತ್‌ಡ್ರಾ ಮಾಡೋಕೆ ಬಿಡ್ತಿಲ್ಲ.

ಕೆಲವು ಎಕ್ಸ್‌ಚೇಂಜ್‌ಗಳು ಎರಡು ಗೆರೆ ಇಟ್ಟುಕೊಂಡಿವೆ. ಜಮಾ ತೋರಿಸಲು, ಟ್ರೇಡ್ ಮಾಡಲು ಕಡಿಮೆ ಕನ್ಫರ್ಮೇಶನ್. ಹೊರಗೆ ಕಳಿಸಲು ಇನ್ನೂ ಸ್ವಲ್ಪ ಜಾಸ್ತಿ. ಕಾದರೆ ಬಿಡುತ್ತದೆ.

ಮಿನಿಮಮ್ ಅಂತ ಯಾಕೆ ಇಡ್ತಾರೆ? ಎಷ್ಟು ಕಳಿಸಿದರೂ ಹಣ ಹಣವೇ ಅಲ್ವಾ?

ಎಕ್ಸ್‌ಚೇಂಜ್‌ನ ಕಡೆಯಿಂದ ನೋಡಿದರೆ ಹಾಗಿಲ್ಲ. ನಿಮ್ಮ ಡೆಪಾಸಿಟ್ ಅಡ್ರೆಸ್‌ಗೆ ಬಂದ ಕಾಯಿನ್ನನ್ನು ಅದು ತನ್ನ ದೊಡ್ಡ ವಾಲೆಟ್‌ಗೆ ಗುಡಿಸಿಕೊಳ್ಳಬೇಕು. ಆ ಗುಡಿಸುವುದಕ್ಕೂ ಚೈನ್‌ನಲ್ಲಿ ಫೀ ಇದೆ. ಮೂವತ್ತು ರೂಪಾಯಿ ಸಾಮಾನು ತರಲು ಐವತ್ತು ರೂಪಾಯಿ ಆಟೋ ಬಾಡಿಗೆ ಕೊಟ್ಟ ಹಾಗೆ ಆಗಬಾರದು.

ಬಿಟ್‌ಕಾಯಿನ್‌ನಲ್ಲಿ ನೋಡೋಣ. ನಿಮ್ಮಿಂದ ಬಂದ ಒಂದೊಂದು ಡೆಪಾಸಿಟ್ ಒಂದೊಂದು ಬಿಡಿ ನಾಣ್ಯದ ಹಾಗೆ ಬೇರೆ ಬೇರೆ ಉಳಿಯುತ್ತದೆ. `bc1q` ಅಂತ ಶುರುವಾಗುವ ಸಾಮಾನ್ಯ ಅಡ್ರೆಸ್‌ನಿಂದ ಅಂಥ ಒಂದು ನಾಣ್ಯ ಖರ್ಚು ಮಾಡಲು ಟ್ರಾನ್ಸಾಕ್ಷನ್‌ನಲ್ಲಿ ಸುಮಾರು 68 ವರ್ಚುವಲ್ ಬೈಟ್ ಜಾಗ ಬೇಕು. ಸಟೋಶಿ ಅಂದರೆ ಒಂದು ಬಿಟ್‌ಕಾಯಿನ್‌ನ ಹತ್ತು ಕೋಟಿಯಲ್ಲಿ ಒಂದು ಪಾಲು. ಬೈಟ್‌ಗೆ 20 ಸಟೋಶಿ ಫೀ ಇರುವ ದಿನ ಅದಕ್ಕೆ 1,360 ಸಟೋಶಿ. ನೀವು ಕಳಿಸಿದ್ದೇ 1,000 ಸಟೋಶಿ ಆದರೆ ಮುಟ್ಟಿದ್ದಕ್ಕೇ ನಷ್ಟ.

ಇಥೀರಿಯಂ ಟೋಕನ್‌ಗಳಲ್ಲಿ ಇನ್ನೊಂದು ತೊಡಕು. ನಿಮ್ಮ ಅಡ್ರೆಸ್‌ಗೆ ಟೋಕನ್ ಬಂದಿದೆ, ಆದರೆ ಅದನ್ನು ಹೊರಗೆ ತೆಗೆಯಲು ಗ್ಯಾಸ್ ಅನ್ನುವ ಫೀ ಬೇಕು, ಅದನ್ನು ಕಟ್ಟುವುದು ಇಥೀರಿಯಂನ ಸ್ವಂತ ಕಾಯಿನ್ ಆದ ಈಥರ್‌ನಲ್ಲಿ. ಸಾಮಾನ್ಯ ಡೆಪಾಸಿಟ್ ಅಡ್ರೆಸ್ ಆದರೆ ಎಕ್ಸ್‌ಚೇಂಜ್ ಮೊದಲು ಅಲ್ಲಿಗೆ ಸ್ವಲ್ಪ ಈಥರ್ ಕಳಿಸಿ ಆಮೇಲೆ ಟೋಕನ್ ಎತ್ತಬೇಕು. ಒಂದು ಡೆಪಾಸಿಟ್‌ಗೆ ಎರಡು ಖರ್ಚು. ಅದಕ್ಕೇ ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಟೋಕನ್ ಒಂದಕ್ಕೇ ಬೇರೆ ಬೇರೆ ನೆಟ್‌ವರ್ಕ್‌ನಲ್ಲಿ ಬೇರೆ ಬೇರೆ ಮಿನಿಮಮ್ ಇರಬಹುದು. ಒಂದು ನೆಟ್‌ವರ್ಕ್‌ನ ಮಿನಿಮಮ್ ನೋಡಿ ಇನ್ನೊಂದರಲ್ಲಿ ಕಳಿಸಬೇಡಿ.

ಇದೆಲ್ಲ ನ್ಯಾಯವಾದ ಕಾರಣಗಳೇ. ಆದರೆ ನನ್ನ ಮಟ್ಟಿಗೆ ಒಂದು ತಕರಾರು ಇದೆ. ಆ ಸಾಲನ್ನು ಅಷ್ಟು ಸಣ್ಣ ಅಕ್ಷರದಲ್ಲಿ ಯಾಕೆ ಬರೆಯಬೇಕು?

ನಾನು ಸರಿಯಾಗಿ ಮಿನಿಮಮ್‌ನಷ್ಟೇ ಕಳಿಸಿದ್ದೆ. ಆದರೂ ಯಾಕೆ ಬರಲಿಲ್ಲ?

ನನ್ನ ಚಿಕ್ಕಪ್ಪನ ಮಗನಿಗೆ ಆಗಿದ್ದೂ ಇದೇ. ಅವನ ಬಳಿ ಒಂದು ಎಕ್ಸ್‌ಚೇಂಜ್‌ನಲ್ಲಿ 300 ಯುಎಸ್‌ಡಿಟಿ ಇತ್ತು, ಇನ್ನೊಂದಕ್ಕೆ ಸಾಗಿಸಬೇಕಿತ್ತು. "ಮೊದಲು ಸ್ವಲ್ಪ ಕಳಿಸಿ ನೋಡು ಕಣೋ, ಬಂದ ಮೇಲೆ ಉಳಿದಿದ್ದು ಕಳಿಸು" ಅಂತ ಹೇಳಿದ್ದು ನಾನೇ. ಅವನು ಟ್ರಾನ್ ನೆಟ್‌ವರ್ಕ್‌ನಲ್ಲಿ 10 ಹಾಕಿದ. ಹೊಸ ಎಕ್ಸ್‌ಚೇಂಜ್‌ನ ಮಿನಿಮಮ್ ಕೂಡ 10. ನೋಡಿಯೇ ಹಾಕಿದ್ದ, ಪಾಪ.

ಒಂದು ಗಂಟೆಯಾದರೂ ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್. "ಅಣ್ಣಾ, ಅಡ್ರೆಸ್ಸೇ ತಪ್ಪಿದೆ ಅನ್ಸುತ್ತೆ. ಉಳಿದಿದ್ದು ಕಳಿಸಲ್ಲ ನಾನು." ಟ್ರಾನ್ಸಾಕ್ಷನ್ ಐಡಿ ತರಿಸಿ tronscan.org ನಲ್ಲಿ ನೋಡಿದೆ. ಅಡ್ರೆಸ್ ಸರಿಯಿತ್ತು, ಅಕ್ಷರ ಅಕ್ಷರ ಹೋಲಿಸಿದೆ. ಕನ್ಫರ್ಮೇಶನ್ ಯಾವಾಗಲೋ ಮುಗಿದಿತ್ತು. ಮೊತ್ತ ಮಾತ್ರ 9 ಇತ್ತು.

ಕಳಿಸುವ ಎಕ್ಸ್‌ಚೇಂಜ್ ತನ್ನ ವಿತ್‌ಡ್ರಾ ಫೀ 1 ಯುಎಸ್‌ಡಿಟಿಯನ್ನು ಆ ಹತ್ತರಲ್ಲೇ ಮುರಿದುಕೊಂಡಿತ್ತು. ಕೊನೆಯ ಪರದೆಯಲ್ಲಿ "ನಿಮಗೆ ತಲುಪುವುದು 9" ಅಂತ ಬರೆದೇ ಇತ್ತು. ಓಟಿಪಿ ಹುಡುಕುವ ಗಡಿಬಿಡಿಯಲ್ಲಿ ಯಾರು ಓದುತ್ತಾರೆ ಹೇಳಿ.

ಹಾಗಾಗಿ ಇಲ್ಲಿ ತಪ್ಪು ಎರಡು. ಒಂದು, ಫೀ ಕಳೆದ ಮೇಲೆ ಉಳಿಯುವ ಮೊತ್ತ ನೋಡಲಿಲ್ಲ. ಎರಡು, ಪರೀಕ್ಷೆಗೆ ಕಳಿಸುವ ಮೊತ್ತವೂ ಮಿನಿಮಮ್ ದಾಟಬೇಕು ಅಂತ ನಾನು ಹೇಳಲಿಲ್ಲ. ಮಿನಿಮಮ್‌ಗಿಂತ ಕಡಿಮೆ ಕಳಿಸಿ ಪರೀಕ್ಷೆ ಮಾಡಿದರೆ ಅಡ್ರೆಸ್ ನೂರಕ್ಕೆ ನೂರು ಸರಿ ಇದ್ದರೂ ಪರೀಕ್ಷೆ ಫೇಲ್ ಆಗುತ್ತದೆ. ಆಗ ಜನ ಗಾಬರಿಯಲ್ಲಿ ಅಡ್ರೆಸ್ ಬದಲಿಸಿ, ನೆಟ್‌ವರ್ಕ್ ಬದಲಿಸಿ ನಿಜವಾದ ತಪ್ಪು ಮಾಡುತ್ತಾರೆ. ಮಿನಿಮಮ್ 10, ಫೀ 1 ಇದ್ದರೆ ಪರೀಕ್ಷೆಗೆ 15 ಹಾಕಿ.

ಸ್ವಂತ ವಾಲೆಟ್‌ನಿಂದ ಬಿಟ್‌ಕಾಯಿನ್ ಕಳಿಸುವಾಗ ಫೀ ಸಾಮಾನ್ಯವಾಗಿ ಮೇಲಿನಿಂದ ಬೇರೆಯಾಗಿ ಹೋಗುತ್ತದೆ, ಹಾಕಿದಷ್ಟೇ ತಲುಪುತ್ತದೆ. ಆದರೆ ಇದ್ದದ್ದನ್ನೆಲ್ಲ ಕಳಿಸುವ `Max` ಬಟನ್ ಒತ್ತಿದರೆ ಫೀ ಅದರಲ್ಲೇ ಕಳೆಯುತ್ತದೆ.

ಸೊನ್ನೆಗಳ ಮೇಲೂ ಕಣ್ಣಿರಲಿ. ಮಿನಿಮಮ್ `0.0001` ಇದ್ದು ನಿಮ್ಮದು `0.000095` ಆಗಿದ್ದರೆ ನೋಡಲು ಒಂದೇ ಥರ ಕಾಣುತ್ತದೆ. ಸಟೋಶಿಗೆ ಬದಲಿಸಿ ನೋಡಿ: 10,000 ಮತ್ತು 9,500. ಈಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಕಡಿಮೆ ಬಿದ್ದಷ್ಟನ್ನು ಈಗ ಮತ್ತೆ ಕಳಿಸಿದರೆ ಎರಡೂ ಸೇರಿ ಜಮಾ ಆಗುತ್ತಾ?

ಇದು ಎಕ್ಸ್‌ಚೇಂಜ್ ಮೇಲೆ ಹೋಗುತ್ತದೆ, ಇಲ್ಲಿಯೇ ಜನ ಎರಡನೇ ಸಲ ಹಣ ಕಳೆದುಕೊಳ್ಳುವುದು. ಕೆಲವು ಕಡೆ ಒಂದೇ ಅಡ್ರೆಸ್‌ಗೆ ಬಂದ ಸಣ್ಣ ಮೊತ್ತಗಳನ್ನು ಕೂಡಿಸುತ್ತಾರೆ, ಒಟ್ಟು ಮಿನಿಮಮ್ ಮುಟ್ಟಿದ ದಿನ ಎಲ್ಲವೂ ಒಟ್ಟಿಗೆ ಜಮಾ. ಕೆಲವು ಕಡೆ ಒಂದೊಂದು ಟ್ರಾನ್ಸಾಕ್ಷನ್ ಕೂಡ ಮಿನಿಮಮ್ ದಾಟಲೇಬೇಕು. ಅಂಥ ಕಡೆ 9ರ ಹಿಂದೆ 2 ಕಳಿಸಿದರೆ 11 ಆಗುವುದಿಲ್ಲ, 9 ಜೊತೆಗೆ 2 ಕೂಡ ಹೋಗುತ್ತದೆ.

ಹಾಗಾಗಿ ಡೆಪಾಸಿಟ್ ಪುಟದ ಕೆಳಗಿನ ಟಿಪ್ಪಣಿ ಓದಿ. ಮಿನಿಮಮ್‌ಗಿಂತ ಕಡಿಮೆ ಇದ್ದರೆ ಜಮಾ ಮಾಡುವುದಿಲ್ಲ, ವಾಪಸ್ಸೂ ಕೊಡುವುದಿಲ್ಲ ಅನ್ನುವ ಅರ್ಥದ ಸಾಲಿದ್ದರೆ ಕೂಡಿಸುವ ಆಸೆ ಬಿಡಿ. ಸ್ಪಷ್ಟ ಇಲ್ಲದಿದ್ದರೆ ಮೊದಲು ಸಪೋರ್ಟ್‌ಗೆ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಹೇಗಿದ್ದರೂ ಮತ್ತೆ ಕಳಿಸಲೇಬೇಕು ಅಂದರೆ, ಹೊಸದಾಗಿ ಕಳಿಸುವುದೇ ತಾನಾಗಿ ಮಿನಿಮಮ್ ದಾಟುವಷ್ಟು ಇರಲಿ. ಆಗ ಎರಡೂ ನಿಯಮದಲ್ಲಿ ಹೊಸದಂತೂ ಉಳಿಯುತ್ತದೆ.

ನಮ್ಮ ಹುಡುಗ ಮಾಡಿದ್ದೂ ಅದನ್ನೇ. ಉಳಿದ 290 ಒಟ್ಟಿಗೆ ಕಳಿಸಿದ. ಫೀ ಕಳೆದು 289 ಎರಡು ನಿಮಿಷದಲ್ಲಿ ಬಂತು. ಆ 9 ಬರಲಿಲ್ಲ. ಎರಡು ದಿನ ಬಿಟ್ಟು ಸಪೋರ್ಟ್ ನಿಯಮದ ಸಾಲೊಂದನ್ನು ತೋರಿಸಿ ಕೈ ತೊಳೆದುಕೊಂಡಿತು.

ಎಕ್ಸ್‌ಪ್ಲೋರರ್‌ನಲ್ಲಿ ಮಿನಿಮಮ್‌ಗಿಂತ ಎಷ್ಟೋ ದೊಡ್ಡ ಮೊತ್ತ ಕಾಣ್ತಿದೆ!

ಅದು ನಿಮ್ಮೊಬ್ಬರದ್ದಲ್ಲದೇ ಇರಬಹುದು. ಎಕ್ಸ್‌ಚೇಂಜ್‌ಗಳು ಬಿಟ್‌ಕಾಯಿನ್ ಕಳಿಸುವಾಗ ಹತ್ತಾರು ಗ್ರಾಹಕರದ್ದನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ತುಂಬುತ್ತವೆ, ಒಂದೇ ಲಾರಿಯಲ್ಲಿ ಹತ್ತು ಮನೆ ಸಾಮಾನು ಹಾಕಿದ ಹಾಗೆ. ಮೇಲೆ ಕಾಣುವುದು ಒಟ್ಟು ಮೊತ್ತ. ಕೆಳಗೆ ಬಲಗಡೆಯ ಪಟ್ಟಿಯಲ್ಲಿ ನಿಮ್ಮ ಡೆಪಾಸಿಟ್ ಅಡ್ರೆಸ್ ಹುಡುಕಿ, ಅದರ ಮುಂದೆ ಇರುವುದಷ್ಟೇ ನಿಮ್ಮದು. ಹೋಲಿಸಬೇಕಾದ್ದು ಅದನ್ನೇ.

ಆ ಹಣ ಈಗ ಎಲ್ಲಿದೆ? ವಾಪಸ್ ತರಿಸಬಹುದಾ?

ನಿಮಗೆ ಕೊಟ್ಟ ಡೆಪಾಸಿಟ್ ಅಡ್ರೆಸ್‌ನಲ್ಲಿಯೇ ಇದೆ, ಅಥವಾ ಅಲ್ಲಿಂದ ಎಕ್ಸ್‌ಚೇಂಜ್‌ನ ವಾಲೆಟ್‌ಗೆ ಹೋಗಿದೆ. ಎರಡರ ಕೀಲಿಯೂ ಅವರ ಬಳಿ. ಕಳಿಸಿದ ಕಡೆಯವರು ಏನೂ ಮಾಡಲಾರರು. ಅವರ ಪಾಲಿಗೆ ಕೆಲಸ ಮುಗಿದಿದೆ, ಚೈನ್ ಅದಕ್ಕೆ ಸಾಕ್ಷಿ.

ಕೆಲವು ಎಕ್ಸ್‌ಚೇಂಜ್‌ಗಳು ಇಂಥದ್ದನ್ನು ಕೈಯಾರೆ ಸರಿಮಾಡಿಕೊಡುತ್ತವೆ, ಅದಕ್ಕೆ ಶುಲ್ಕ ಇಡುತ್ತವೆ. ಶುಲ್ಕ ಎಷ್ಟು ಅಂತ ಮೊದಲು ಕೇಳಿ. ಏಳೆಂಟು ನೂರು ರೂಪಾಯಿ ಮೊತ್ತಕ್ಕೆ ಎರಡು ಸಾವಿರ ಶುಲ್ಕ ಕೊಟ್ಟು ಗೆದ್ದೆ ಅನ್ನುವವರನ್ನೂ ನೋಡಿದ್ದೇನೆ. ಸಣ್ಣದಾದರೆ ಒಂದು ಟಿಕೆಟ್ ಹಾಕಿ, ಆಗಲ್ಲ ಅಂದರೆ ಬಿಟ್ಟುಬಿಡಿ.

ಎರಡೂ ಸಂಖ್ಯೆ ಸರಿ ಇದೆ. ಆದರೂ ಬಂದಿಲ್ಲ.

ಹಾಗಾದರೆ ಕಾರಣ ಈ ಪುಟದ ಆಚೆಯದು. ನೆಟ್‌ವರ್ಕ್ ಬೇರೆ ಆರಿಸಿರಬಹುದು. ಎಕ್ಸ್‌ಆರ್‌ಪಿಯಂಥ ಕಾಯಿನ್‌ಗೆ ಬೇಕಾದ, ಖಾತೆ ಯಾರದ್ದು ಅಂತ ಗುರುತಿಸುವ ಟ್ಯಾಗ್ ಸಂಖ್ಯೆ ಬಿಟ್ಟಿರಬಹುದು. ಚೈನ್ ಮೇಲೆ ಓಡುವ ಪ್ರೋಗ್ರಾಂ, ಅಂದರೆ ಸ್ಮಾರ್ಟ್ ಕಾಂಟ್ರ್ಯಾಕ್ಟ್, ಮೂಲಕ ಬಂದ ಈಥರ್ ಕೆಲವು ಎಕ್ಸ್‌ಚೇಂಜ್‌ಗಳ ಕಣ್ಣಿಗೆ ಬೀಳುವುದಿಲ್ಲ. ಆ ಕಾಯಿನ್‌ನ ವಾಲೆಟ್‌ಗೆ ಮೆಂಟೆನೆನ್ಸ್ ನಡೆಯುತ್ತಿರಬಹುದು. ಹಣ ಎಲ್ಲಿಂದ ಬಂತು ಅಂತ ವಿವರ ಕೇಳಿ ಕಳಿಸಿದ ಇಮೇಲ್ ನಿಮ್ಮ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಕೂತಿರಲೂಬಹುದು.

ಸಪೋರ್ಟ್‌ಗೆ ಏನು ಬರೆಯಬೇಕು?

"ನನ್ನ ಹಣ ಬಂದಿಲ್ಲ, ದಯವಿಟ್ಟು ನೋಡಿ" ಅಂದರೆ ಸಿಗುವುದು ಸಿದ್ಧ ಉತ್ತರ. ಟ್ರಾನ್ಸಾಕ್ಷನ್ ಐಡಿ, ಕಾಯಿನ್, ನೆಟ್‌ವರ್ಕ್, ನಿಮ್ಮ ಡೆಪಾಸಿಟ್ ಅಡ್ರೆಸ್, ಅದಕ್ಕೆ ತಲುಪಿದ ಮೊತ್ತ, ಬ್ಲಾಕ್ ಸಂಖ್ಯೆ, ಈಗಿನ ಕನ್ಫರ್ಮೇಶನ್ ಇಷ್ಟನ್ನು ಮೊದಲ ಸಂದೇಶದಲ್ಲೇ ಕೊಡಿ. ಎಲ್ಲವನ್ನೂ ಅಕ್ಷರದಲ್ಲಿ ಕೊಡಿ, ಸ್ಕ್ರೀನ್‌ಶಾಟ್‌ನಿಂದ ಐಡಿ ಕಾಪಿ ಮಾಡಲು ಆಗುವುದಿಲ್ಲ. ಡೆಪಾಸಿಟ್ ಪುಟದ ಸ್ಕ್ರೀನ್‌ಶಾಟ್ ಬೇರೆಯಾಗಿ ಲಗತ್ತಿಸಿ, ಅಂದು ಅಲ್ಲಿ ಯಾವ ಮಿನಿಮಮ್ ಬರೆದಿತ್ತು ಅನ್ನುವುದಕ್ಕೆ. ಇವು ಆಗಾಗ ಬದಲಾಗುತ್ತವೆ. ನಿನ್ನೆ ಸರಿ ಇದ್ದ ಮೊತ್ತ ಇಂದು ಕಡಿಮೆ ಆಗಿರಬಹುದು.

ಕನ್ಫರ್ಮೇಶನ್ ಇನ್ನೂ ಮುಗಿದಿಲ್ಲದಿದ್ದರೆ ಟಿಕೆಟ್ ಹಾಕಬೇಡಿ. ಅವರು ಓದುವ ಹೊತ್ತಿಗೆ ಹಣ ಬಂದಿರುತ್ತದೆ.

ಟೆಲಿಗ್ರಾಮ್‌ನಲ್ಲಿ ಒಬ್ಬರು "ಕನ್ಫರ್ಮೇಶನ್ ಫೀ ಕಟ್ಟಿದರೆ ಬಿಡಿಸಿಕೊಡ್ತೀನಿ" ಅಂತಿದ್ದಾರೆ. ನಿಜವಾ?

ಸುಳ್ಳು. ಕನ್ಫರ್ಮೇಶನ್ ಅನ್ನು ಯಾರೂ ಮಾರುವುದಿಲ್ಲ, ಅದು ಬ್ಲಾಕ್ ಬಂದಂತೆ ಪುಕ್ಕಟೆಯಾಗಿ ಏರುತ್ತದೆ. ಮಿನಿಮಮ್ ಸಮಸ್ಯೆಯನ್ನು ಬಗೆಹರಿಸಲು ಆಗುವುದು ಆ ಅಡ್ರೆಸ್‌ನ ಕೀಲಿ ಇರುವ ಎಕ್ಸ್‌ಚೇಂಜ್‌ಗೆ ಮಾತ್ರ. ಅದೂ ಆ್ಯಪ್ ಒಳಗಿನ ಟಿಕೆಟ್‌ನಲ್ಲೋ ತನ್ನ ಅಧಿಕೃತ ಇಮೇಲ್‌ನಲ್ಲೋ ಮಾತಾಡುತ್ತದೆ, ತಾನಾಗಿ ನಿಮಗೆ ಮೆಸೇಜ್ ಮಾಡಿ ಹಣ ಕೇಳುವುದಿಲ್ಲ. ಸಾರ್ವಜನಿಕ ಗುಂಪಿನಲ್ಲಿ "ಡೆಪಾಸಿಟ್ ಬಂದಿಲ್ಲ" ಅಂತ ಹಾಕಿದ ಎರಡೇ ನಿಮಿಷಕ್ಕೆ ಇಂಥವರು ಇನ್‌ಬಾಕ್ಸ್‌ಗೆ ಬರುತ್ತಾರೆ. ವಾಲೆಟ್‌ನ ಕೀಲಿಯಾದ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಪದಗಳ ಸೀಡ್ ಫ್ರೇಸ್ ಕೇಳಿದರಂತೂ ಅಲ್ಲಿಗೆ ಮಾತು ನಿಲ್ಲಿಸಿ. ಡೆಪಾಸಿಟ್ ಜಮಾ ಮಾಡಲು ಅದು ಯಾರಿಗೂ ಬೇಕಾಗುವುದಿಲ್ಲ. ಈಗಾಗಲೇ ಹಣ ಕೊಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ಕೊಡಿ. ಸೀಡ್ ಫ್ರೇಸ್ ಹೇಳಿಬಿಟ್ಟಿದ್ದರೆ ಫೋನ್ ಮಾಡುವುದಕ್ಕೂ ಮೊದಲು ಆ ವಾಲೆಟ್‌ನಲ್ಲಿ ಉಳಿದಿದ್ದನ್ನು ಹೊಸ ವಾಲೆಟ್‌ಗೆ ಸಾಗಿಸಿ.